ಸೂರ್ಯನಿಂದ ದೂರವಾದರೆ ಚಳಿಯೇ? ಋತುಗಳ ಲೆಕ್ಕದಲ್ಲಿ ದೂರಕ್ಕೆಷ್ಟು ಪಾಲು, ಓರೆಗೆಷ್ಟು ಪಾಲು

ಪ್ರತಿ ವರ್ಷ ಜುಲೈ ಮೊದಲ ವಾರ ಬಂತೆಂದರೆ ಒಂದೇ ಸುದ್ದಿ ಎರಡು ವೇಷದಲ್ಲಿ ಓಡಾಡುತ್ತದೆ. ಪತ್ರಿಕೆಗಳಲ್ಲಿ ‘ಇಂದು ಭೂಮಿ ಸೂರ್ಯನಿಂದ ಅತಿ ದೂರ’ ಎಂಬ ನಾಲ್ಕು ಸಾಲು ಬರುತ್ತದೆ. ಮೊಬೈಲ್‌ಗಳಲ್ಲಿ ಅದೇ ಸಂಗತಿ ಊದಿಕೊಂಡು, ಅಫೆಲಿಯನ್ ಶುರುವಾಗಿದೆ, ಆಗಸ್ಟ್‌ವರೆಗೆ ಹಿಂದೆಂದೂ ಕಾಣದ ಚಳಿ ಇರುತ್ತದೆ, ಕೆಮ್ಮು, ಜ್ವರ, ಮೈಕೈ ನೋವು ಬರುತ್ತದೆ ಎಂಬ ಎಚ್ಚರಿಕೆಯಾಗುತ್ತದೆ. ಓದಿದವರಿಗೆ ಗೊಂದಲವಾಗುವುದು ಸಹಜ. ಏಕೆಂದರೆ ಮೊದಲ ಸುದ್ದಿ ಸಂಪೂರ್ಣ ನಿಜ. ಬೆಂಕಿಯಿಂದ ದೂರ ಸರಿದವರಿಗೆ ಬಿಸಿ ಕಡಿಮೆ ತಾಗುತ್ತದೆ ಎಂಬುದೂ ಎಲ್ಲರ ಅನುಭವ. ಎರಡೂ ನಿಜವಾದರೆ ಎಚ್ಚರಿಕೆಯೂ ನಿಜವಿರಬೇಕಲ್ಲವೇ?

ಅಲ್ಲ. ಆದರೆ ‘ಅದು ಸುಳ್ಳು ಸುದ್ದಿ, ನಂಬಬೇಡಿ’ ಎಂದು ಹೇಳಿ ಕೈತೊಳೆದುಕೊಂಡರೆ ಗೊಂದಲ ಹಾಗೆಯೇ ಉಳಿಯುತ್ತದೆ. ದೂರ ನಿಜವಾಗಿ ಎಷ್ಟು ಬದಲಾಗುತ್ತದೆ, ಆ ಬದಲಾವಣೆ ಎಷ್ಟು ಬಿಸಿಲನ್ನು ಕಸಿಯುತ್ತದೆ, ಭೂಮಿಯ ಓರೆ ಎಷ್ಟು ಬಿಸಿಲನ್ನು ಕೊಡುತ್ತದೆ ಎಂದು ಪಕ್ಕಪಕ್ಕದಲ್ಲಿ ಇಟ್ಟು ಅಳೆದು ನೋಡಬೇಕು.

ಸಂದೇಶದ ಲೆಕ್ಕ ತಪ್ಪಿದ್ದು ಎಲ್ಲಿ?

ಭೂಮಿ ಸೂರ್ಯನಿಂದ ಸಾಮಾನ್ಯವಾಗಿ 9 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ಅಂದರೆ ಬೆಳಕು ಬರಲು 5 ನಿಮಿಷ ಸಾಕು, ಈಗ ಮಾತ್ರ ಅದು 15.2 ಕೋಟಿ ಕಿಲೋಮೀಟರಿಗೆ ಹೋಗಿದೆ ಎನ್ನುತ್ತದೆ ಆ ಸಂದೇಶ. ಎರಡನೆಯ ಸಂಖ್ಯೆ ಸರಿ. ಮೊದಲನೆಯದು ಶುದ್ಧ ಕಲ್ಪನೆ. ಶುಕ್ರಗ್ರಹವೇ ಸೂರ್ಯನಿಂದ ಸುಮಾರು 10.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಸಂದೇಶವನ್ನು ನಂಬುವುದಾದರೆ ಭೂಮಿ ವರ್ಷಕ್ಕೆ ಎರಡು ಬಾರಿ ಶುಕ್ರನ ಕಕ್ಷೆಯನ್ನು ದಾಟಿ ಒಳಗೆ ಹೋಗಿ ಹೊರಗೆ ಬರಬೇಕಾಗುತ್ತದೆ!

ನಿಜವಾದ ಅಂಕಿಗಳು ಇಷ್ಟೊಂದು ನಾಟಕೀಯವಾಗಿಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಈ ಬಿಂದುವಿಗೆ ಪುರರವಿ ಎನ್ನುತ್ತಾರೆ. ಆಗ ಅಂತರ ಸುಮಾರು 14.71 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದ ಅತಿ ದೂರದ ಬಿಂದು ಅಪರವಿ, ಮೊಬೈಲ್ ಸಂದೇಶ ಹೇಳುವ ಅಫೆಲಿಯನ್ ಇದೇ. ಅಲ್ಲಿ ಅಂತರ ಸುಮಾರು 15.21 ಕೋಟಿ ಕಿಲೋಮೀಟರ್. ವ್ಯತ್ಯಾಸ 50 ಲಕ್ಷ ಕಿಲೋಮೀಟರ್. ಕೇಳಲು ದೊಡ್ಡದು, ಆದರೆ ಒಟ್ಟು ದೂರದ ಎದುರು ಅದು ಶೇಕಡಾ ಮೂರೂಕಾಲು ಮಾತ್ರ. ಬೆಳಕಿನ ಪ್ರಯಾಣದ ಲೆಕ್ಕದಲ್ಲಿ ಸುಮಾರು 17 ಸೆಕೆಂಡು.

ದೂರ ಹೆಚ್ಚಿದಂತೆ ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ ಶೇಕಡಾ ಮೂರೂಕಾಲಿನ ಅಂತರ ಬಿಸಿಲಿನಲ್ಲಿ ಸುಮಾರು ಶೇಕಡಾ ಏಳರ ಅಂತರವಾಗುತ್ತದೆ. ಈ ಏಳನ್ನು ನೆನಪಿಟ್ಟುಕೊಳ್ಳಬೇಕು. ದೂರದ ವಾದಕ್ಕೆ ಇರುವ ಒಟ್ಟು ಬಂಡವಾಳ ಇಷ್ಟೇ.

ಪಠ್ಯಪುಸ್ತಕದ ಚಿತ್ರ ದಾರಿ ತಪ್ಪಿಸುವುದು ಹೇಗೆ?

ತಪ್ಪನ್ನೆಲ್ಲ ಮೊಬೈಲ್ ಸಂದೇಶದ ತಲೆಗೆ ಕಟ್ಟುವುದು ನ್ಯಾಯವಲ್ಲ. ಭೂಮಿಯ ಕಕ್ಷೆ ದೀರ್ಘವೃತ್ತ ಎಂದು ಕಲಿಸುವಾಗ ಬರೆಯುವ ಚಿತ್ರ ಸಾಮಾನ್ಯವಾಗಿ ಮೊಟ್ಟೆಯಂತೆ ಉದ್ದಕ್ಕೆ ಎಳೆದಿರುತ್ತದೆ. ಕಕ್ಷೆಯನ್ನು ಓರೆಯಾಗಿ, ಪಕ್ಕದಿಂದ ನೋಡಿದಂತೆ ಬರೆಯುವುದರಿಂದ ಹಾಗೆ ಕಾಣುತ್ತದೆ. ನೋಡಿದ ಮಗುವಿನ ಮನಸ್ಸಿನಲ್ಲಿ ಮಾತ್ರ ಭೂಮಿ ಕೆಲವು ತಿಂಗಳು ಸೂರ್ಯನ ಮಗ್ಗುಲಲ್ಲೂ ಕೆಲವು ತಿಂಗಳು ಬಹುದೂರದಲ್ಲೂ ಇರುತ್ತದೆ ಎಂಬ ನಂಬಿಕೆ ಅಚ್ಚೊತ್ತುತ್ತದೆ.

ಕಕ್ಷೆಯನ್ನು ಅಳತೆಗೆ ಸರಿಯಾಗಿ, 10 ಸೆಂಟಿಮೀಟರ್ ಅಗಲಕ್ಕೆ ಬರೆದರೆ ಅದರ ಉದ್ದಕ್ಕೂ ಅಗಲಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಪೆನ್ಸಿಲ್ ಗೆರೆಯ ದಪ್ಪವೇ ಅದಕ್ಕಿಂತ ಎಷ್ಟೋ ಹೆಚ್ಚು. ಕಣ್ಣಿಗೆ ಅದು ವೃತ್ತವೇ. ಸೂರ್ಯ ಮಾತ್ರ ನಡುಮಧ್ಯದಿಂದ ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಪಕ್ಕಕ್ಕೆ ಸರಿದಿರುತ್ತಾನೆ. ಜನವರಿ ಮತ್ತು ಜುಲೈ ನಡುವಿನ ಅಂತರವೆಲ್ಲ ಹುಟ್ಟುವುದು ಈ ಪುಟ್ಟ ಸರಿತದಿಂದ.

ದೂರದ ವಾದವನ್ನು ಬೀಳಿಸಲು ಇನ್ನೂ ಸರಳವಾದ ಒಂದು ಸಾಕ್ಷ್ಯವಿದೆ. ಸೂರ್ಯನಿಂದಿರುವ ದೂರವೇ ಋತುಗಳಿಗೆ ಕಾರಣವಾಗಿದ್ದರೆ ಇಡೀ ಭೂಮಿಗೆ ಒಟ್ಟಿಗೆ ಬೇಸಿಗೆ, ಒಟ್ಟಿಗೆ ಚಳಿಗಾಲ ಬರಬೇಕಿತ್ತು. ಜುಲೈ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ಸುಡುತ್ತಿರುವಾಗ ನ್ಯೂಜಿಲೆಂಡಿನ ವೆಲಿಂಗ್ಟನ್ ಚಳಿಗಾಲದ ನಡುವೆ ಇರುತ್ತದೆ. ಸೂರ್ಯನಿಂದ ಎರಡಕ್ಕೂ ಇರುವ ದೂರ ಹೆಚ್ಚುಕಡಿಮೆ ಒಂದೇ.

ಅರ್ಧ ಸರಿಯಾದ ಉತ್ತರ

ಇಲ್ಲಿ ಇನ್ನೊಂದು ವಾದ ತಲೆಹಾಕುತ್ತದೆ. ಭೂಮಿ ಓರೆಯಾಗಿದೆ, ಆದ್ದರಿಂದ ಬೇಸಿಗೆಯಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆಗೆ ಬಾಗಿ ಅವನಿಗೆ ಹತ್ತಿರವಾಗುತ್ತದೆ, ಹಾಗಾಗಿ ಬಿಸಿ ಎಂದು ಅನೇಕರು ವಿವರಿಸುತ್ತಾರೆ. ಓರೆಯನ್ನು ಹಿಡಿದದ್ದು ಸರಿ, ಕಾರಣ ಮಾತ್ರ ಮತ್ತೆ ದೂರಕ್ಕೇ ಜಾರಿತು. ಭೂಮಿಯ ಇಡೀ ವ್ಯಾಸವೇ ಸುಮಾರು 12,700 ಕಿಲೋಮೀಟರ್. ಹದಿನೈದು ಕೋಟಿ ಕಿಲೋಮೀಟರಿನ ಮುಂದೆ ಅದು ಶೇಕಡಾ 0.01ರಷ್ಟೂ ಇಲ್ಲ. ಬಾಗಿದ್ದರಿಂದ ಹತ್ತಿರವಾಗುವ ಕೆಲವು ಸಾವಿರ ಕಿಲೋಮೀಟರು ಯಾವ ಬಿಸಿಯನ್ನೂ ತರಲಾರದು. ನನ್ನ ದೃಷ್ಟಿಯಲ್ಲಿ ಮೊಬೈಲ್ ಸಂದೇಶಕ್ಕಿಂತ ಈ ಉತ್ತರವೇ ಹೆಚ್ಚು ತೊಂದರೆಯದು, ಏಕೆಂದರೆ ಇದು ಪರೀಕ್ಷೆಯಲ್ಲಿ ಅಂಕವನ್ನೂ ಗಿಟ್ಟಿಸಿಬಿಡುತ್ತದೆ.

ಓರೆಯ ನಿಜವಾದ ಕೆಲಸ ಬೇರೆ. ಭೂಮಿ ತನ್ನ ಸುತ್ತ ತಾನು ತಿರುಗುವ ಅಕ್ಷ, ಕಕ್ಷೆಯ ಸಮತಲಕ್ಕೆ ನೆಟ್ಟಗೆ ನಿಂತಿಲ್ಲ. ನೆಟ್ಟಗಿನ ಗೆರೆಯಿಂದ 23.4 ಡಿಗ್ರಿ ವಾಲಿದೆ. ಅದಕ್ಕಿಂತ ಮುಖ್ಯವಾದದ್ದು, ವಾಲಿದ ದಿಕ್ಕು ವರ್ಷವಿಡೀ ಬದಲಾಗುವುದಿಲ್ಲ. ಉತ್ತರ ತುದಿ ಜನವರಿಯಲ್ಲೂ ಜುಲೈನಲ್ಲೂ ಧ್ರುವ ನಕ್ಷತ್ರದ ಕಡೆಗೇ ಮುಖ ಮಾಡಿರುತ್ತದೆ. ತಿರುಗುವ ಭಾರಿ ಗೋಳದ ಅಕ್ಷವನ್ನು ಬೇರೆ ದಿಕ್ಕಿಗೆ ಹೊರಳಿಸಲು ಹೊರಗಿನಿಂದ ಬಲ ಬೀಳಬೇಕು. ಚಂದ್ರ, ಸೂರ್ಯರ ಸೆಳೆತ ಆ ಕೆಲಸವನ್ನು ಮಾಡುತ್ತಿದ್ದರೂ ಒಂದು ಸುತ್ತಿಗೆ ಸುಮಾರು 26 ಸಾವಿರ ವರ್ಷ ಹಿಡಿಯುವಷ್ಟು ನಿಧಾನ.

ಅಕ್ಷದ ದಿಕ್ಕು ಹೀಗೆ ನಿಂತಿರುವಾಗ ಭೂಮಿ ಸೂರ್ಯನನ್ನು ಸುತ್ತುತ್ತದೆ. ಹಾಗಾಗಿ ಕಕ್ಷೆಯ ಒಂದು ಕಡೆಯಲ್ಲಿ ಉತ್ತರ ತುದಿ ಸೂರ್ಯನತ್ತ ವಾಲಿದಂತಿರುತ್ತದೆ. ಆರು ತಿಂಗಳ ಬಳಿಕ ಎದುರು ಕಡೆಗೆ ಹೋದಾಗ ಅದೇ ತುದಿ, ತಾನು ಕದಲದಿದ್ದರೂ, ಸೂರ್ಯನಿಂದ ಆಚೆಗೆ ವಾಲಿದಂತಾಗುತ್ತದೆ. ಭೂಮಿ ಜೂನ್‌ನಲ್ಲಿ ಇತ್ತ ಬಾಗಿ ಡಿಸೆಂಬರ್‌ನಲ್ಲಿ ಅತ್ತ ಬಾಗುವುದಿಲ್ಲ. ಬಾಗು ಒಂದೇ, ಸೂರ್ಯ ಇರುವ ದಿಕ್ಕು ಬದಲಾಗುತ್ತದೆ. ಓರೆ ಮತ್ತು ಪರಿಭ್ರಮಣೆ ಎರಡೂ ಬೇಕು ಎನ್ನುವುದು ಇದಕ್ಕೇ. ಓರೆಯಿಲ್ಲದೆ ಸುತ್ತಿದರೆ ವರ್ಷವಿಡೀ ಎಲ್ಲೆಡೆ ಹಗಲು ರಾತ್ರಿ ಸಮವಾಗಿರುತ್ತಿತ್ತು. ಸೂರ್ಯನನ್ನು ಸುತ್ತದೆ, ಓರೆಯಾಗಿ ಒಂದೇ ಕಡೆ ನಿಂತು ತಿರುಗುತ್ತಿದ್ದರೆ ಒಂದು ಗೋಳಾರ್ಧಕ್ಕೆ ಮುಗಿಯದ ಬೇಸಿಗೆ, ಇನ್ನೊಂದಕ್ಕೆ ಮುಗಿಯದ ಚಳಿಗಾಲ.

ನಲವತ್ತನೇ ಅಕ್ಷಾಂಶದಲ್ಲಿ ಒಂದು ಲೆಕ್ಕ

ಉತ್ತರದ 40ನೇ ಅಕ್ಷಾಂಶವನ್ನು ತೆಗೆದುಕೊಳ್ಳೋಣ. ಮ್ಯಾಡ್ರಿಡ್, ಅಂಕಾರಾ, ಬೀಜಿಂಗ್ ನಗರಗಳೆಲ್ಲ ಈ ಗೆರೆಯ ಆಸುಪಾಸಿನಲ್ಲಿವೆ. ಅಲ್ಲಿ ಬಯಲಿನಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದೇವೆ ಎಂದುಕೊಳ್ಳಿ.

ಜೂನ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ, ಅಂದರೆ ಉತ್ತರದ 23.4 ಡಿಗ್ರಿ ಅಕ್ಷಾಂಶಕ್ಕೆ, ನೇರ ನೆತ್ತಿಯ ಮೇಲಿರುತ್ತಾನೆ. 40ನೇ ಅಕ್ಷಾಂಶ ಅಲ್ಲಿಂದ 16.6 ಡಿಗ್ರಿ ಆಚೆಗಿದೆ. ಆದ್ದರಿಂದ ಅಲ್ಲಿನವರಿಗೆ ಸೂರ್ಯ ನೆತ್ತಿಯಿಂದ ಅಷ್ಟೇ ಡಿಗ್ರಿ ಕೆಳಗೆ, ದಿಗಂತದಿಂದ 73.4 ಡಿಗ್ರಿ ಎತ್ತರದಲ್ಲಿ ಕಾಣುತ್ತಾನೆ. ಕೋಲಿನ ನೆರಳು ಬರೀ 30 ಸೆಂಟಿಮೀಟರ್. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಮಕರ ಸಂಕ್ರಾಂತಿ ವೃತ್ತದ ನೆತ್ತಿಗೆ ಸರಿದಿರುತ್ತಾನೆ. 40ನೇ ಅಕ್ಷಾಂಶದಲ್ಲಿ ನಡುಹಗಲಲ್ಲೂ ಅವನ ಎತ್ತರ 26.6 ಡಿಗ್ರಿಯನ್ನು ಮೀರುವುದಿಲ್ಲ. ಅದೇ ಕೋಲಿನ ನೆರಳು ಈಗ ಎರಡು ಮೀಟರ್, ಕೋಲಿಗಿಂತ ಎರಡು ಪಟ್ಟು ಉದ್ದ.

ನೆರಳು ಉದ್ದವಾಯಿತು ಎಂದರೆ ಬೆಳಕು ಹರಡಿಹೋಯಿತು ಎಂದೇ ಅರ್ಥ. ಒಂದು ಚದರ ಮೀಟರ್ ಅಡ್ಡಳತೆಯ ಬಿಸಿಲಿನ ಕಂಬವೊಂದು ಜೂನ್ ನಡುಹಗಲಿನಲ್ಲಿ ನೆಲಕ್ಕೆ ಬಿದ್ದಾಗ 1.04 ಚದರ ಮೀಟರ್ ಜಾಗವನ್ನು ಬೆಳಗುತ್ತದೆ. ಡಿಸೆಂಬರ್ ನಡುಹಗಲಿನಲ್ಲಿ ಅದೇ ಕಂಬ ಓರೆಯಾಗಿ ಬಿದ್ದು ಸುಮಾರು 2.2 ಚದರ ಮೀಟರ್ ಮೇಲೆ ಹರಡಿಕೊಳ್ಳುತ್ತದೆ. ಬಂದ ಶಕ್ತಿ ಅಷ್ಟೇ, ಹಂಚಿಕೊಳ್ಳುವ ನೆಲ ಎರಡು ಪಟ್ಟಿಗೂ ಹೆಚ್ಚು. ಓರೆಯ ಕಿರಣ ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಿ ಬರಬೇಕಾದ್ದರಿಂದ ದಾರಿಯಲ್ಲೂ ಒಂದಿಷ್ಟು ಸೋರಿಹೋಗುತ್ತದೆ.

ಇದಕ್ಕೆ ಹಗಲಿನ ಉದ್ದವನ್ನು ಸೇರಿಸಬೇಕು. 40ನೇ ಅಕ್ಷಾಂಶದಲ್ಲಿ ಜೂನ್ 21ರ ಹಗಲು ಸುಮಾರು 15 ಗಂಟೆ. ಡಿಸೆಂಬರ್ 21ರ ಹಗಲು 9 ಗಂಟೆ 20 ನಿಮಿಷ. ಹೆಚ್ಚು ನೇರವಾದ ಬಿಸಿಲು ಹೆಚ್ಚು ಹೊತ್ತು ಬೀಳುತ್ತದೆ. ವಾಯುಮಂಡಲವನ್ನು ಬದಿಗಿಟ್ಟು ಇಡೀ ದಿನದ ಲೆಕ್ಕ ಹಾಕಿದರೆ ಜೂನ್‌ನ ಒಂದು ದಿನಕ್ಕೆ ಸಿಗುವ ಬಿಸಿಲು ಡಿಸೆಂಬರ್‌ನ ಒಂದು ದಿನದ್ದಕ್ಕಿಂತ 3.3 ಪಟ್ಟು. ಈಗ ದೂರದ ವಾದಕ್ಕೂ ಅದರ ಪಾಲನ್ನು ಕೊಡೋಣ. ಜೂನ್‌ನಲ್ಲಿ ಸೂರ್ಯ ದೂರವಿರುವುದರಿಂದ ಏಳರ ಆಸುಪಾಸಿನ ಶೇಕಡಾವನ್ನು ಕಳೆದರೆ 3.3 ಪಟ್ಟು ಇದ್ದದ್ದು 3.1 ಪಟ್ಟಿಗೆ ಇಳಿಯುತ್ತದೆ. ಅಷ್ಟೇ. ಓರೆ ಬಿಸಿಲನ್ನು ಮೂರು ಪಟ್ಟು ಮಾಡುತ್ತಿರುವಾಗ ದೂರ ಅದರಲ್ಲಿ ಚೂರು ಕಿತ್ತುಕೊಳ್ಳುತ್ತದೆ.

ಹಗಲು ಉದ್ದವಾಗುವುದು ಹೇಗೆ?

ಭೂಮಿಯ ಅರ್ಧಕ್ಕೆ ಸದಾ ಬೆಳಕು, ಅರ್ಧಕ್ಕೆ ಸದಾ ಕತ್ತಲೆ. ಬೆಳಕು ಕತ್ತಲೆಗಳ ನಡುವಿನ ಗಡಿ ಭೂಮಿಯನ್ನು ಸುತ್ತುವರಿದ ಒಂದು ದೊಡ್ಡ ವೃತ್ತ. ಅಕ್ಷ ನೆಟ್ಟಗಿದ್ದರೆ ಈ ಗಡಿ ಎರಡೂ ಧ್ರುವಗಳ ಮೂಲಕ ಹಾದು ಪ್ರತಿಯೊಂದು ಅಕ್ಷಾಂಶ ವೃತ್ತವನ್ನೂ ಸರಿಯಾಗಿ ಎರಡು ಸಮಭಾಗ ಮಾಡುತ್ತಿತ್ತು. ಅಕ್ಷ ಓರೆಯಾಗಿರುವುದರಿಂದ ಜೂನ್‌ನಲ್ಲಿ ಗಡಿ ಉತ್ತರ ಧ್ರುವದಿಂದ 23.4 ಡಿಗ್ರಿ ಆಚೆಗೆ ಸರಿದಿರುತ್ತದೆ. ಆಗ 40ನೇ ಅಕ್ಷಾಂಶ ವೃತ್ತದ ಶೇಕಡಾ 62ರಷ್ಟು ಭಾಗ ಬೆಳಕಿನಲ್ಲಿ, ಉಳಿದ 38 ಕತ್ತಲೆಯಲ್ಲಿ ಬೀಳುತ್ತದೆ. ಆ ವೃತ್ತದ ಮೇಲಿನ ಊರು 24 ಗಂಟೆಯಲ್ಲಿ ಒಂದು ಸುತ್ತು ಬರುವಾಗ ಅದೇ ಪ್ರಮಾಣದ ಹೊತ್ತನ್ನು ಬೆಳಕಿನಲ್ಲಿ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಈ ಪಾಲು ತಿರುಗುಮುರುಗಾಗುತ್ತದೆ.

ಸಮಭಾಜಕ ವೃತ್ತವನ್ನು ಮಾತ್ರ ಗಡಿ ಎಂದಿಗೂ ಅರ್ಧಕ್ಕೇ ಕತ್ತರಿಸುತ್ತದೆ, ಅಲ್ಲಿ ಹಗಲಿನ ಉದ್ದ ಬದಲಾಗುವುದೇ ಇಲ್ಲ. ಉತ್ತರಕ್ಕೆ ಹೋದಂತೆ ಪಾಲು ಅಸಮವಾಗುತ್ತಾ ಹೋಗಿ, 60ನೇ ಅಕ್ಷಾಂಶದಲ್ಲಿ ಜೂನ್ ಹಗಲು 18 ಗಂಟೆ 50 ನಿಮಿಷದ ಆಸುಪಾಸಿಗೆ ಬರುತ್ತದೆ. ಆರ್ಕ್ಟಿಕ್ ವೃತ್ತ ದಾಟಿದರೆ ಇಡೀ ಅಕ್ಷಾಂಶ ವೃತ್ತವೇ ಬೆಳಕಿನೊಳಗೆ ಸೇರಿ, ಆ ದಿನ ಸೂರ್ಯ ಮುಳುಗುವುದೇ ಇಲ್ಲ.

ವರ್ಷವಿಡೀ ಹಗಲು ಒಂದೇ ವೇಗದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. 40ನೇ ಅಕ್ಷಾಂಶದಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವ ದಿನಗಳ ಸುತ್ತ ದಿನಕ್ಕೆ ಎರಡೂವರೆ ನಿಮಿಷಕ್ಕೂ ಹೆಚ್ಚು ಬದಲಾವಣೆ ಇರುತ್ತದೆ. ಜೂನ್ 21, ಡಿಸೆಂಬರ್ 21ರ ಸುತ್ತ ಕೆಲವೇ ಸೆಕೆಂಡುಗಳು. ವಿಷುವದಂದು ಹಗಲು ರಾತ್ರಿ ಸಮ ಎಂಬ ಮಾತೂ ಕೂದಲೆಳೆಯಷ್ಟು ತಪ್ಪುತ್ತದೆ. ಸೂರ್ಯಬಿಂಬದ ಮೇಲಂಚು ಕಂಡೊಡನೆ ಉದಯ ಎನ್ನುತ್ತೇವೆ, ಜೊತೆಗೆ ವಾಯುಮಂಡಲ ಕಿರಣವನ್ನು ಬಾಗಿಸಿ ದಿಗಂತದ ಕೆಳಗಿರುವ ಸೂರ್ಯನನ್ನೂ ತೋರಿಸುತ್ತದೆ. ಹೀಗಾಗಿ ಆ ದಿನವೂ ಹಗಲಿಗೆ ಕೆಲವು ನಿಮಿಷ ಹೆಚ್ಚುವರಿ ಸಿಗುತ್ತದೆ.

ಧ್ರುವದ ಒಗಟು

ಇಷ್ಟಾದ ಮೇಲೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಮತ್ತು ಅದು ಏಳಬೇಕಾದದ್ದೇ. ಹಗಲಿನ ಉದ್ದವೇ ಅಷ್ಟು ಮುಖ್ಯವಾದರೆ 24 ಗಂಟೆ ಬಿಸಿಲು ಬೀಳುವ ಉತ್ತರ ಧ್ರುವ ಜೂನ್‌ನಲ್ಲಿ ಏಕೆ ಕಾಯುವುದಿಲ್ಲ? ಲೆಕ್ಕ ಈ ಆಕ್ಷೇಪವನ್ನು ಇನ್ನೂ ಬಲಪಡಿಸುತ್ತದೆ. ಜೂನ್ 21ರಂದು ವಾಯುಮಂಡಲದ ಮೇಲ್ತುದಿಯನ್ನು ತಲುಪುವ ಇಡೀ ದಿನದ ಬಿಸಿಲು ಸಮಭಾಜಕ ವೃತ್ತಕ್ಕಿಂತ ಉತ್ತರ ಧ್ರುವದಲ್ಲಿ ಸುಮಾರು ಮೂರನೇ ಒಂದು ಪಾಲು ಹೆಚ್ಚು! ಸೂರ್ಯ ಅಲ್ಲಿ 23.4 ಡಿಗ್ರಿಗಿಂತ ಮೇಲೇರದಿದ್ದರೂ ಒಂದು ಕ್ಷಣವೂ ಮುಳುಗದೆ ಆ ಕೊರತೆಯನ್ನು ತುಂಬಿಕೊಡುತ್ತಾನೆ.

ಆದರೆ ತಲುಪಿದ ಬಿಸಿಲು ಬೇರೆ, ದಕ್ಕಿದ ಬಿಸಿಲು ಬೇರೆ. ತಗ್ಗಿನ ಸೂರ್ಯನ ಕಿರಣ ದಪ್ಪನೆಯ ಗಾಳಿಯನ್ನು ಹಾದು ಬರುವಾಗಲೇ ಒಂದು ಪಾಲು ಹೋಗುತ್ತದೆ. ಉಳಿದದ್ದು ಹಿಮದ ಮೇಲೆ ಬಿದ್ದರೆ, ಹೊಸ ಹಿಮ ಶೇಕಡಾ 80ಕ್ಕೂ ಹೆಚ್ಚು ಬೆಳಕನ್ನು ಮರಳಿ ಆಕಾಶಕ್ಕೆ ಎಸೆಯುತ್ತದೆ. ಒಳಗಿಳಿದ ಅಲ್ಪ ಶಾಖವೂ ಮಂಜುಗಡ್ಡೆಯನ್ನು ಕರಗಿಸುವುದರಲ್ಲೇ ಖರ್ಚಾಗುತ್ತದೆ. ಕರಗುವ ಮಂಜುಗಡ್ಡೆಯ ಉಷ್ಣತೆ ಕರಗಿ ಮುಗಿಯುವ ತನಕ ಸೊನ್ನೆಯನ್ನು ದಾಟುವುದಿಲ್ಲ. ಅದಕ್ಕೂ ಮುಂಚಿನ ಆರು ತಿಂಗಳ ಕತ್ತಲೆಯ ಸಾಲ ತೀರುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದೆ.

ಜೂನ್ ಕಳೆದ ಮೇಲೂ ಬಿಸಿ ಏರುವುದೇಕೆ?

ಸಾಲದ ಮಾತು ಬಂದದ್ದರಿಂದ ಅದೇ ದಾರಿಯಲ್ಲಿ ಇನ್ನೊಂದು ಗೊಂದಲವನ್ನೂ ನೋಡಬಹುದು. 40ನೇ ಅಕ್ಷಾಂಶದ ಹೆಚ್ಚಿನ ಕಡೆ ಅತಿ ಬಿಸಿಯ ದಿನಗಳು ಜುಲೈನಲ್ಲಿ, ಕಡಲ ಬದಿಯಲ್ಲಿ ಆಗಸ್ಟ್‌ನಲ್ಲೂ ಬರುತ್ತವೆ. ಹಗಲು ಕುಗ್ಗತೊಡಗಿ ತಿಂಗಳಾಗಿರುತ್ತದೆ. ಇದು ವರಮಾನ ಮತ್ತು ಖರ್ಚಿನ ಲೆಕ್ಕ. ಜೂನ್ 21ರ ಬಳಿಕ ನೆಲಕ್ಕೆ ಬರುವ ಶಾಖದ ವರಮಾನ ಇಳಿಯತೊಡಗುತ್ತದೆ, ಆದರೂ ಕೆಲವು ವಾರ ಅದು ನೆಲ ಬಿಟ್ಟುಕೊಡುವ ಶಾಖಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಎಲ್ಲಿಯವರೆಗೆ ವರಮಾನ ಖರ್ಚನ್ನು ಮೀರಿರುತ್ತದೆಯೋ ಅಲ್ಲಿಯವರೆಗೆ ಉಳಿತಾಯ, ಅಂದರೆ ಉಷ್ಣತೆ, ಏರುತ್ತಲೇ ಇರುತ್ತದೆ. ನೀರು ಬಿಸಿಯಾಗಲು ಹೆಚ್ಚು ಶಾಖ ಬೇಕಾದ್ದರಿಂದ ಸಮುದ್ರದ ಹತ್ತಿರ ಈ ವಿಳಂಬ ಇನ್ನೂ ದೊಡ್ಡದು.

ಹಾಗಾದರೆ ದೂರಕ್ಕೆ ಬೆಲೆಯೇ ಇಲ್ಲವೇ?

ಮೊಬೈಲ್ ಸಂದೇಶವನ್ನು ಅಲ್ಲಗಳೆಯುವ ಉತ್ಸಾಹದಲ್ಲಿ ಕೆಲವರು ದೂರಕ್ಕೆ ಯಾವ ಪರಿಣಾಮವೂ ಇಲ್ಲ ಎಂದುಬಿಡುತ್ತಾರೆ. ಅದೂ ಸರಿಯಲ್ಲ. ಶೇಕಡಾ ಏಳು ಎಂದರೆ ಸೊನ್ನೆಯಲ್ಲ. ಕೇವಲ ಅದನ್ನೇ ನೋಡಿದರೆ ಜನವರಿಯಲ್ಲಿ, ಸೂರ್ಯ ಹತ್ತಿರವಿದ್ದಾಗ, ಇಡೀ ಭೂಮಿಯ ಸರಾಸರಿ ಉಷ್ಣತೆ ಹೆಚ್ಚಿರಬೇಕಿತ್ತು. ನಡೆಯುವುದು ತದ್ವಿರುದ್ಧ. 20ನೇ ಶತಮಾನದ ಸರಾಸರಿಯಂತೆ ಭೂಮಿಯ ಮೇಲ್ಮೈ ಜನವರಿಯಲ್ಲಿ ಸುಮಾರು 12 ಡಿಗ್ರಿ ಸೆಲ್ಸಿಯಸ್, ಜುಲೈನಲ್ಲಿ 16ರ ಹತ್ತಿರ. ಕಾರಣ ನೆಲ ಮತ್ತು ನೀರಿನ ಹಂಚಿಕೆ. ಭೂಮಿಯ ಒಣನೆಲದ ಸುಮಾರು ಮೂರನೇ ಎರಡು ಭಾಗ ಉತ್ತರಾರ್ಧದಲ್ಲಿದೆ, ನೆಲ ಬೇಗ ಕಾಯುತ್ತದೆ. ದಕ್ಷಿಣಾರ್ಧದ ಬೇಸಿಗೆಗೆ ಹತ್ತಿರದ ಸೂರ್ಯನ ಹೆಚ್ಚುವರಿ ಬಿಸಿಲು ಸಿಕ್ಕರೂ ಅದರ ಬಹುಭಾಗವನ್ನು ಅಲ್ಲಿನ ವಿಶಾಲ ಸಾಗರಗಳು ನುಂಗಿಕೊಳ್ಳುತ್ತವೆ. ಭೂಮಿ ಸೂರ್ಯನಿಂದ ಅತಿ ದೂರವಿರುವ ತಿಂಗಳಲ್ಲೇ ಒಟ್ಟಾರೆ ಹೆಚ್ಚು ಬೆಚ್ಚಗಿರುತ್ತದೆ.

ದೂರದ ಇನ್ನೊಂದು ಪರಿಣಾಮ ಪಂಚಾಂಗದಲ್ಲೇ ಕಾಣುತ್ತದೆ. ಸೂರ್ಯನಿಂದ ದೂರವಿದ್ದಾಗ ಭೂಮಿ ನಿಧಾನವಾಗಿ ಚಲಿಸುತ್ತದೆ. ಇದರಿಂದ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮತ್ತೆ ಮಾರ್ಚ್‌ಗೆ ಸುಮಾರು 179 ದಿನ. ಉತ್ತರಾರ್ಧದವರಿಗೆ ಬೆಚ್ಚನೆಯ ಅರ್ಧವರ್ಷ ಒಂದು ವಾರ ಉದ್ದ.

ಮಂಗಳ ಗ್ರಹದಲ್ಲಿ ಇದೇ ಲೆಕ್ಕದ ತೂಕ ಬದಲಾಗುತ್ತದೆ. ಅದರ ಓರೆ ಸುಮಾರು 25 ಡಿಗ್ರಿ, ನಮ್ಮದರ ಹಾಗೆಯೇ. ಆದರೆ ಕಕ್ಷೆ ಹೆಚ್ಚು ಎಳೆದದ್ದು, ಸೂರ್ಯನಿಂದ ಅದರ ದೂರ 20.7 ಕೋಟಿಯಿಂದ 24.9 ಕೋಟಿ ಕಿಲೋಮೀಟರ್‌ವರೆಗೆ ಬದಲಾಗುತ್ತದೆ. ಅಲ್ಲಿ ದೂರವೊಂದರಿಂದಲೇ ಬಿಸಿಲಿನಲ್ಲಿ ಶೇಕಡಾ 45ರ ಅಂತರ ಬೀಳುತ್ತದೆ. ಮಂಗಳದ ದಕ್ಷಿಣಾರ್ಧಕ್ಕೆ ಬೇಸಿಗೆ ಮೊಟಕು ಮತ್ತು ತೀವ್ರ, ಉತ್ತರಾರ್ಧಕ್ಕೆ ದೀರ್ಘ ಮತ್ತು ಸೌಮ್ಯ.

ಭೂಮಿಯಲ್ಲೂ ಈಗಿನ ಹೊಂದಾಣಿಕೆ ಶಾಶ್ವತವಲ್ಲ. ಅಕ್ಷದ ದಿಕ್ಕು ನಿಧಾನವಾಗಿ ಸುತ್ತುವುದು, ಕಕ್ಷೆ ತಾನೇ ತಿರುಗುವುದು ಎರಡೂ ಸೇರಿ ಪುರರವಿಯ ದಿನ ಋತುಗಳ ನಡುವೆ ಸರಿಯುತ್ತಾ ಸುಮಾರು 21 ಸಾವಿರ ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಕ್ರಿ.ಶ. 1250ರ ಸುಮಾರಿಗೆ ಅದು ಡಿಸೆಂಬರ್ ಅಯನದಂದೇ ಬಿದ್ದಿತ್ತು, ಈಗ ಜನವರಿಗೆ ಬಂದಿದೆ. ಸುಮಾರು 11 ಸಾವಿರ ವರ್ಷಗಳ ಹಿಂದೆ ಪುರರವಿ ಉತ್ತರದ ಬೇಸಿಗೆಯಲ್ಲಿತ್ತು. ಆಗ ಓರೆಯೂ ದೂರವೂ ಒಂದೇ ಕಡೆಗೆ ಎಳೆಯುತ್ತಿದ್ದವು. ಉತ್ತರಾರ್ಧದ ಬೇಸಿಗೆಗೆ ಈಗಿನದಕ್ಕಿಂತ ಹೆಚ್ಚು ಬಿಸಿಲು ಸಿಕ್ಕು, ನೆಲ ಹೆಚ್ಚು ಕಾದು, ಮುಂಗಾರು ಮಾರುತಗಳು ಬಲವಾದವು. ಇಂದಿನ ಸಹಾರಾ ಮರುಭೂಮಿಯಲ್ಲಿ ಆ ಕಾಲಕ್ಕೆ ಹುಲ್ಲುಗಾವಲುಗಳೂ ಕೆರೆಗಳೂ ಇದ್ದವು. ಸುಮಾರು 5 ಸಾವಿರ ವರ್ಷಗಳ ಹಿಂದೆ, ಪುರರವಿ ಬೇಸಿಗೆಯಿಂದ ದೂರ ಸರಿದಂತೆ, ಅವು ಒಣಗಿದವು. ಓರೆಯ ಕೋನವೂ ಸುಮಾರು 41 ಸಾವಿರ ವರ್ಷಗಳ ಆವರ್ತದಲ್ಲಿ 22.1ರಿಂದ 24.5 ಡಿಗ್ರಿಯ ನಡುವೆ ತೂಗುತ್ತದೆ. ಸದ್ಯ ಅದು ಇಳಿಯುತ್ತಿದೆ, ಹಾಗಾಗಿ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳೆರಡೂ ವರ್ಷಕ್ಕೆ ಸುಮಾರು 15 ಮೀಟರ್‌ನಂತೆ ಸಮಭಾಜಕದ ಕಡೆಗೆ ಸರಿಯುತ್ತಿವೆ.